ಉಳಿದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು

"ಮೊದಲು ಒಂದು ಸ್ಯಾಂಪಲ್ ಬಿಟ್ಟಿ ಮಾಡಿಕೊಡಿ, ಇಷ್ಟವಾದರೆ ಮುಂದೆ ನೋಡೋಣ." "ಅರ್ಧ ರೇಟಿಗೆ ಬರುತ್ತಾ?" ಸ್ವಂತ ಕಸುಬು ಮಾಡುವವರಿಗೆ ಈ ಮಾತು ಹೊಸದೇನಲ್ಲ. ಇದಕ್ಕೆ ನಾನು ಕಂಡ ಒಳ್ಳೆಯ ಉತ್ತರ ಹದಿನೆಂಟನೇ ಶತಮಾನದ್ದು. ಕೊಟ್ಟವರು ಜೇಮ್ಸ್ ವಾಟ್ ಮತ್ತು ಅವನ ಪಾಲುದಾರ ಮ್ಯಾಥ್ಯೂ ಬೌಲ್ಟನ್. (ಶಾಲೆಯಲ್ಲಿ ನಮಗೆ ಕೆಟಲಿನ ಕಥೆ ಮಾತ್ರ ಹೇಳಿದರು!)

1777ರ ಸುಮಾರಿಗೆ ಇವರು ಇಂಗ್ಲೆಂಡಿನ ಕಾರ್ನ್‌ವಾಲ್‌ಗೆ ಬಂದರು. ಅಲ್ಲಿ ತಾಮ್ರ, ತವರದ ಗಣಿಗಳು. ನೀರೆತ್ತಲು ಆಗಲೇ ನ್ಯೂಕಮೆನ್ ಎಂಜಿನ್‌ಗಳಿದ್ದವು. ಓಡುತ್ತಿರುವ ಎಂಜಿನ್ ಬಿಟ್ಟು ಹೊಸದಕ್ಕೆ ಯಾಕೆ ದುಡ್ಡು ಸುರಿಯಬೇಕು, ಗುಣ ನೋಡದೆ ಯಾಕೆ ಒಪ್ಪಬೇಕು ಅನ್ನುವುದು ಗಣಿಯವರ ನ್ಯಾಯವಾದ ಅನುಮಾನ. ಆದರೆ ಅವರಿಗೂ ಒಂದು ನೋವಿತ್ತು. ಕಲ್ಲಿದ್ದಲು ವೇಲ್ಸ್‌ನಿಂದ ಹಡಗಿನಲ್ಲಿ ಬರಬೇಕು, ದುಬಾರಿ.

ಇವರು ಬೆಲೆ ಇಳಿಸಲಿಲ್ಲ, ಎಂಜಿನ್ನನ್ನು ಪುಕ್ಕಟೆ ನಿಲ್ಲಿಸಿಯೂ ಕೊಡಲಿಲ್ಲ. ಸಾಮಾನು, ಕೂಲಿ, ಕಟ್ಟಡದ ಖರ್ಚು ಗಣಿಯವರದೇ. ಇವರದು ನಕ್ಷೆ, ಕೆಲವು ನಾಜೂಕಾದ ಭಾಗಗಳು, ಉಸ್ತುವಾರಿ. ಹೊಸ ವಿದ್ಯೆಗೆ ಕೊಡಬೇಕಾದದ್ದು, ಹಳೇ ಎಂಜಿನ್‌ಗೆ ಹೋಲಿಸಿದರೆ ಉಳಿಯುವ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲು ಮಾತ್ರ. ಹಳೆಯದು ಮೂರು ಟನ್ ಸುಡುವ ಕೆಲಸಕ್ಕೆ ಹೊಸದು ಒಂದು ಟನ್ ಸುಟ್ಟಿತು ಅನ್ನಿ. ಉಳಿದದ್ದು ಎರಡು ಟನ್. ಅದರ ಮೂರನೇ ಒಂದು ಪಾಲು ಇವರಿಗೆ, ಮಿಕ್ಕದ್ದು ಗಣಿಗೆ. ಏನೂ ಉಳಿಯದಿದ್ದರೆ ಕೊಡುವುದೂ ಇಲ್ಲ.

ನನಗೆ ಇಷ್ಟವಾಗುವುದು ಇಲ್ಲಿನ ಜಾಣತನ. ಗಿರಾಕಿಯ ಭಯಕ್ಕೆ ಉತ್ತರ ಸಿಕ್ಕಿತು, ಆದರೆ ಅವನೂ ಕೈಯಿಂದ ಹಣ ಹಾಕಿದ್ದಾನೆ. ಸುಮ್ಮನೆ ನೋಡಿ ಹೋಗಲು ಬಂದವನು ಅಲ್ಲಿಯೇ ಜಾರಿಕೊಳ್ಳುತ್ತಾನೆ.

ಆಮೇಲೆ ಲೆಕ್ಕದ ಜಗಳ ಬರಬಾರದಲ್ಲ? ಅದಕ್ಕೆ ಹಳೇ ಎಂಜಿನ್ ಎಷ್ಟು ಸುಡುತ್ತದೆಂದು ಮೊದಲೇ ಪರೀಕ್ಷೆ ಮಾಡಿಟ್ಟುಕೊಂಡರು. ಹೊಸ ಎಂಜಿನ್‌ನ ತೊಲೆ ಎಷ್ಟು ಸಲ ಏರಿಳಿಯಿತು ಎಂದು ಎಣಿಸುವ ಸಣ್ಣ ಯಂತ್ರವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟರು.

ಇದು ಎಲ್ಲ ಕಡೆ ನಡೆಯಲಿಲ್ಲ. ಕಲ್ಲಿದ್ದಲು ಗಣಿಗಳಲ್ಲಿ ಮಾರಲಾಗದ ಪುಡಿಯೇ ಸೌದೆ. ಅಲ್ಲಿ ಉಳಿತಾಯಕ್ಕೆ ಬೆಲೆಯೇ ಇಲ್ಲ. ಕಾರ್ನ್‌ವಾಲ್‌ನಲ್ಲೂ ಹಳೇ ಎಂಜಿನ್ ಹೋಗಿ ವರ್ಷಗಳಾದ ಮೇಲೆ ಅದರ ಖರ್ಚು ಯಾರಿಗೆ ನೆನಪಿರುತ್ತದೆ? ಕಣ್ಣಿಗೆ ಕಾಣುವುದು ಕೊಡಬೇಕಾದ ಪಾಲು ಮಾತ್ರ. 1790ರ ದಶಕದಲ್ಲಿ ಅನೇಕರು ಕೊಡುವುದನ್ನೇ ನಿಲ್ಲಿಸಿದರು, ವ್ಯಾಜ್ಯ 1799ರವರೆಗೆ ಎಳೆಯಿತು. ಗೆದ್ದವರು ಇವರೇ, ಆದರೆ ಮರುವರ್ಷ ಪೇಟೆಂಟೇ ಮುಗಿಯಿತು.

ಗಿರಣಿಗಳಿಗೆ ಎಂಜಿನ್ ಕೊಡುವಾಗ ಇನ್ನೊಂದು ತೊಡಕು. ಅಲ್ಲಿ ಹೋಲಿಸಲು ಹಳೇ ಎಂಜಿನ್ ಇಲ್ಲ, ಗಾಣ ತಿರುಗಿಸುವ ಕುದುರೆ ಇತ್ತು. ಸರಿ, ಕುದುರೆಯನ್ನೇ ಅಳತೆ ಮಾಡಿಕೊಂಡರು. ಒಂದು ಕುದುರೆಯ ಬಲಕ್ಕೆ ವರ್ಷಕ್ಕೆ 5 ಪೌಂಡ್, ಲಂಡನ್ನಿನಲ್ಲಿ 6. ನಮ್ಮ ತೋಟದ ಪಂಪ್‌ಸೆಟ್ಟಿನ ಮೇಲೆ ಬರೆದಿರುತ್ತದಲ್ಲ, ಐದು ಹೆಚ್.ಪಿ. ಅಂತ, ಆ ಅಳತೆ ಇದೇ ಬೆಲೆಪಟ್ಟಿಯಿಂದ ಬಂದದ್ದು :-)