ರಸ್ತೆ ಕಾಮಗಾರಿ ಯಾಕೆ ತಡ ಆಗುತ್ತೆ? ಹಾಸನ–ಮಾರನಹಳ್ಳಿ ಹೆದ್ದಾರಿ ಹೇಳುವ ಪಾಠ

ರಸ್ತೆ ಕೆಲಸ ನಿಂತಾಗ ಕೇಳಿಬರುವ ಮಾತು ಮೂರೇ: ‘ಮಳೆ ಬಂತು’, ‘ಗುತ್ತಿಗೆದಾರ ಓಡಿಹೋದ’, ‘ಜಾಗ ಸಿಕ್ಕಿಲ್ಲ’. ಮೂರೂ ಸುಳ್ಳಲ್ಲ. ಆದರೆ ಮಲೆನಾಡಲ್ಲಿ ಜೂನ್‌ಗೆ ಮಳೆ ಬರುತ್ತೆ ಅನ್ನೋದು ಟೆಂಡರ್ ಕರೆಯುವ ದಿನವೇ ಎಲ್ಲರಿಗೂ ಗೊತ್ತಿರುತ್ತದೆ. ಮೊದಲೇ ಗೊತ್ತಿರುವ ಇಂಥ ತೊಂದರೆಗಳನ್ನು ಪಟ್ಟಿ ಮಾಡಿ, ಯಾವುದು ಎಷ್ಟು ದೊಡ್ಡದು, ಯಾರು ನೋಡಿಕೊಳ್ಳಬೇಕು, ಬಂದರೆ ಏನು ಮಾಡಬೇಕು ಎಂದು ಬರೆದಿಟ್ಟುಕೊಳ್ಳುವುದಕ್ಕೆ ಎಂಜಿನಿಯರ್‌ಗಳು ‘ರಿಸ್ಕ್ ಮ್ಯಾನೇಜ್‌ಮೆಂಟ್’ ಅನ್ನುತ್ತಾರೆ. ಕನ್ನಡದಲ್ಲಿ ಅಪಾಯ ನಿರ್ವಹಣೆ ಅನ್ನಬಹುದು.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡೋಣ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಾಸನದಿಂದ ಸಕಲೇಶಪುರ ದಾಟಿ ಮಾರನಹಳ್ಳಿವರೆಗೆ ಸುಮಾರು 45 ಕಿ.ಮೀ. ಚತುಷ್ಪಥ ಕಾಮಗಾರಿ ಅದು.

ನಡೆದದ್ದೇನು?

ಕಾಮಗಾರಿಯ ಗುತ್ತಿಗೆ ಸಿಕ್ಕಿದ್ದು ಸ್ಪೇನ್ ಮೂಲದ ಐಸೊಲಕ್ಸ್ ಕಂಪನಿಗೆ. 2017ರಲ್ಲಿ ಅದರ ಮೂಲ ಕಂಪನಿಯೇ ಸ್ಪೇನ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಇಲ್ಲಿನ ಕೆಲಸ ಕುಂಟಿತು, ಮುಂದೆ ಬೇರೆ ಸಂಸ್ಥೆಯ ಕೈಗೆ ಹೋಯಿತು. ಇದೇ ಹೆದ್ದಾರಿಯ ಘಾಟಿ ಕೆಳಗಿನ ಭಾಗ, ಅಂದರೆ ಬಿ.ಸಿ. ರೋಡ್–ಅಡ್ಡಹೊಳೆ ಕಾಮಗಾರಿಯಲ್ಲೂ ಮೊದಲ ಗುತ್ತಿಗೆದಾರ ಅರ್ಧಕ್ಕೆ ಹೊರಬಿದ್ದು, ಕೆಲಸವನ್ನು ಎರಡು ಪ್ಯಾಕೇಜ್ ಮಾಡಿ ಮರುಟೆಂಡರ್ ಕರೆಯಬೇಕಾಯಿತು.

ಈ ಮಧ್ಯೆ 2021ರ ಜುಲೈನಲ್ಲಿ ಸಕಲೇಶಪುರದಾಚೆ ದೋಣಿಗಾಲ್ ಬಳಿ ರಸ್ತೆಯೇ ಕುಸಿಯಿತು. 2022ರ ಜುಲೈನಲ್ಲಿ ಮತ್ತೆ ಅಲ್ಲೇ ಕುಸಿಯಿತು. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಮೇಲಿಂದ ಮೇಲೆ ಜಾರಿ ರಸ್ತೆಗೆ ಬಿತ್ತು. ಮೂರು ಸಲವೂ ಸಂಚಾರ ಬಂದ್ ಅಥವಾ ನಿರ್ಬಂಧ. ಗುಡ್ಡವನ್ನು ನೇರವಾಗಿ, 90 ಡಿಗ್ರಿಯಲ್ಲಿ ಕಡಿದದ್ದೇ ಕಾರಣ ಎಂಬ ಮಾತು 2024ರಲ್ಲಿ ಸರ್ಕಾರದ ಮಟ್ಟದಲ್ಲೂ ಕೇಳಿಬಂತು.

ಗುತ್ತಿಗೆದಾರರ ಸಮಸ್ಯೆ ಒಂದು ಕಡೆ, ಗುಡ್ಡ ಕುಸಿತ ಇನ್ನೊಂದು ಕಡೆ ಎಂದು ನಾವು ಬೇರೆ ಬೇರೆಯಾಗಿ ಸುದ್ದಿ ಓದುತ್ತೇವೆ. ಇಂಥ ರಸ್ತೆಯಲ್ಲಿ ಎರಡೂ ಒಂದಕ್ಕೊಂದು ಹೇಗೆ ಅಂಟಿಕೊಂಡಿರುತ್ತವೆ ಅನ್ನೋದೇ ಅಪಾಯ ನಿರ್ವಹಣೆಯಲ್ಲಿ ನೋಡಬೇಕಾದ ವಿಷಯ.

ಎರಡು ತಿಂಗಳ ತಡ ಏಳು ತಿಂಗಳಾಗುವ ಲೆಕ್ಕ

ಮಲೆನಾಡಲ್ಲಿ ಮಣ್ಣಿನ ಕೆಲಸ, ಡಾಂಬರು ಕೆಲಸಕ್ಕೆ ಸಿಗೋದು ಹೆಚ್ಚೂಕಡಿಮೆ ನವೆಂಬರ್‌ನಿಂದ ಮೇವರೆಗಿನ ಏಳು ತಿಂಗಳು. ಜೂನ್‌ನಿಂದ ಅಕ್ಟೋಬರ್ ಐದು ತಿಂಗಳು ಮಳೆಯ ಲೆಕ್ಕ. ಹಾಗಾಗಿ ಕಾಗದದ ಮೇಲೆ 24 ತಿಂಗಳ ಅವಧಿ ಎಂದಿದ್ದರೂ ಕೈಗೆ ಸಿಗುವ ಒಣ ತಿಂಗಳು 14 ಮಾತ್ರ.

ಈಗ ಒಂದು ಕಾಮಗಾರಿ ಏಪ್ರಿಲ್ 1ಕ್ಕೆ ಶುರುವಾಗಬೇಕಿತ್ತು ಅಂದುಕೊಳ್ಳಿ. ಜಾಗ ಬಿಟ್ಟುಕೊಡೋದು, ಮರ ಕಡಿಯಲು ಅನುಮತಿ, ಕರೆಂಟ್ ಕಂಬ ಮತ್ತು ನೀರಿನ ಪೈಪ್ ಸ್ಥಳಾಂತರ, ಇದರಲ್ಲಿ ಯಾವುದೋ ಒಂದು ಎರಡು ತಿಂಗಳು ತಡವಾಯಿತು. ಜೂನ್ 1ಕ್ಕೆ ಎಲ್ಲ ಸಿದ್ಧ. ಆದರೆ ಅಷ್ಟರಲ್ಲಿ ಮಳೆ. ಕೆಲಸ ನಿಜವಾಗಿ ಶುರುವಾಗೋದು ನವೆಂಬರ್ 1ಕ್ಕೆ. ಕಚೇರಿಯಲ್ಲಿ ಆದದ್ದು ಎರಡು ತಿಂಗಳ ತಡ, ರಸ್ತೆಯಲ್ಲಿ ಏಳು ತಿಂಗಳ ತಡ. ಅದೇ ಎರಡು ತಿಂಗಳ ತಡ ಜುಲೈನಲ್ಲಿ ಆಗಿದ್ದರೆ ಹೆಚ್ಚಿನ ನಷ್ಟವೇ ಇರುತ್ತಿರಲಿಲ್ಲ.

ಆದ್ದರಿಂದ ‘ಎಷ್ಟು ದಿನ ತಡ’ ಅನ್ನೋದಕ್ಕಿಂತ ‘ಯಾವ ತಿಂಗಳಲ್ಲಿ ತಡ’ ಅನ್ನೋದು ದೊಡ್ಡ ಪ್ರಶ್ನೆ. ನಮ್ಮೂರ ಕಾಮಗಾರಿಗೆ ಮಾರ್ಚ್‌ನಲ್ಲಿ ಗುದ್ದಲಿಪೂಜೆ ಆದರೆ, ಮಳೆಗೆ ಮುಂಚೆ ಏನು ಮುಗಿಸುತ್ತೀರಿ ಎಂದು ಅವತ್ತೇ ಕೇಳಬೇಕಾದದ್ದು ಇದಕ್ಕೇ.

ಅರ್ಧ ಕಡಿದ ಗುಡ್ಡ

ಒಣಗಿರುವ ಗುಡ್ಡವನ್ನು ನೇರವಾಗಿ ಕಡಿದರೂ ಬೇಸಿಗೆಯಲ್ಲಿ ಅದು ನಿಂತಿರುತ್ತದೆ. ನೋಡಿದವರಿಗೆ ಗಟ್ಟಿಯಾಗೇ ಕಾಣುತ್ತದೆ. ಮಳೆ ನೀರು ಮಣ್ಣಿನೊಳಗೆ ಇಳಿದಾಗ ಮಣ್ಣಿನ ತೂಕ ಹೆಚ್ಚುತ್ತದೆ, ಒಳಗೆ ನಿಂತ ನೀರಿನ ಒತ್ತಡಕ್ಕೆ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಆಗ ಜಾರುತ್ತದೆ. ಅದಕ್ಕೇ ಗುಡ್ಡವನ್ನು ಇಳಿಜಾರಾಗಿ, ನಡುನಡುವೆ ಮೆಟ್ಟಿಲಿನಂತೆ ಸಮತಟ್ಟು ಬಿಟ್ಟು ಕಡಿಯಬೇಕು. ನೆತ್ತಿಯ ಮೇಲೆ ನೀರು ಹಿಡಿದು ಪಕ್ಕಕ್ಕೆ ಸಾಗಿಸುವ ಚರಂಡಿ ಬೇಕು. ಕೆಳಗೆ ತಡೆಗೋಡೆ, ಅದರಲ್ಲಿ ನೀರು ಸೋರಿಹೋಗಲು ತೂತುಗಳು ಬೇಕು.

ಹಾಗಾದರೆ ನೇರವಾಗಿ ಯಾಕೆ ಕಡಿಯುತ್ತಾರೆ? ಇಳಿಜಾರು ಮಾಡಿದರೆ ಮೇಲೆ ಹೆಚ್ಚು ಜಾಗ ಬೇಕು. ಆ ಜಾಗ ಕಾಡಿನದ್ದೋ ತೋಟದ್ದೋ ಆಗಿರುತ್ತದೆ. ಭೂಸ್ವಾಧೀನ ಕಡಿಮೆ ಮಾಡಿದರೆ ಆ ಉಳಿತಾಯ ಕೊನೆಗೆ ಗುಡ್ಡದ ಕಡಿದಾದ ಗೋಡೆಯಾಗಿ ನಿಲ್ಲುತ್ತದೆ. ಭೂಮಿಯ ಅಪಾಯವನ್ನು ತಪ್ಪಿಸಲು ಹೋಗಿ ಕುಸಿತದ ಅಪಾಯ ತಂದುಕೊಂಡ ಹಾಗೆ.

ಈಗ ಗುತ್ತಿಗೆದಾರರ ವಿಷಯ ಇದಕ್ಕೆ ಸೇರಿಸಿ. ಗುಡ್ಡ ಕಡಿಯೋದು ಬೇಗ ಆಗುವ ಕೆಲಸ, ತಡೆಗೋಡೆ ಮತ್ತು ಚರಂಡಿ ನಿಧಾನದ ಕೆಲಸ. ಕಡಿದು ಮುಗಿಸಿ, ಗೋಡೆ ಕಟ್ಟುವ ಹೊತ್ತಿಗೆ ಕಂಪನಿಯ ಬಳಿ ದುಡ್ಡಿಲ್ಲ ಅಂದರೆ ಗುಡ್ಡ ಬರಿಮೈಯಲ್ಲಿ ಮಳೆಗೆ ನಿಲ್ಲುತ್ತದೆ. ಕುಸಿದರೆ ಬಿದ್ದ ಮಣ್ಣು ತೆಗೆಯಬೇಕು, ವಿನ್ಯಾಸ ಬದಲಿಸಬೇಕು, ಮತ್ತೊಂದು ಬೇಸಿಗೆ ಹೋಗುತ್ತದೆ. ಇಲ್ಲಿ ತಡವೇ ಅಪಾಯವನ್ನು ಹುಟ್ಟಿಸುತ್ತದೆ, ಆ ಅಪಾಯ ಮತ್ತೆ ತಡವನ್ನು ಹುಟ್ಟಿಸುತ್ತದೆ.

ಇದನ್ನು ಕತ್ತರಿಸುವ ನಿಯಮ ಸರಳ: ಜೂನ್‌ಗೆ ಮುಂಚೆ ಎಷ್ಟು ಉದ್ದಕ್ಕೆ ಗೋಡೆ, ಚರಂಡಿ ಮುಗಿಸಲು ಆಗುತ್ತದೋ ಅಷ್ಟು ಮಾತ್ರ ಗುಡ್ಡ ಕಡಿಯಬೇಕು. ಅದಕ್ಕಿಂತ ಹೆಚ್ಚು ಕಡಿದರೆ ಬಿಲ್ ಪಾಸಾಗಬಾರದು.

ದುಡ್ಡಿನ ಲೆಕ್ಕ ಹೇಗೆ ಹಾಕುತ್ತಾರೆ?

ಅಪಾಯದ ಪಟ್ಟಿಯಲ್ಲಿ ಪ್ರತಿ ತೊಂದರೆಗೂ ಎರಡು ಅಂಕ ಇರುತ್ತವೆ. ಬರುವ ಸಾಧ್ಯತೆ ಎಷ್ಟು, ಬಂದರೆ ನಷ್ಟ ಎಷ್ಟು. ಎರಡನ್ನೂ ಗುಣಿಸಿದರೆ ಯಾವುದಕ್ಕೆ ಮೊದಲು ಗಮನ ಕೊಡಬೇಕು ಎಂದು ತಿಳಿಯುತ್ತದೆ.

ಲೆಕ್ಕ ತೋರಿಸಲಿಕ್ಕಷ್ಟೇ ಒಂದು ಕಾಲ್ಪನಿಕ ಉದಾಹರಣೆ. ಒಂದು ಕಡಿದಾದ ಜಾಗಕ್ಕೆ ತಡೆಗೋಡೆ, ಚರಂಡಿ ಮಾಡಿಸಲು 2 ಕೋಟಿ ರೂ. ಬೇಕು. ಮಾಡದಿದ್ದರೆ ಒಂದು ಮಳೆಗಾಲದಲ್ಲಿ ಕುಸಿಯುವ ಸಾಧ್ಯತೆ ಹತ್ತರಲ್ಲಿ ಮೂರು. ಕುಸಿದರೆ ದುರಸ್ತಿಗೆ 5 ಕೋಟಿ. ಒಂದು ವರ್ಷದ ಲೆಕ್ಕದಲ್ಲಿ ನಿರೀಕ್ಷಿತ ನಷ್ಟ 1.5 ಕೋಟಿ. ‘ಗೋಡೆಗಿಂತ ಇದೇ ಅಗ್ಗ’ ಅನ್ನಿಸುತ್ತದೆ. ಆದರೆ ಕೆಲಸ ಎಳೆದು ಮೂರು ಮಳೆಗಾಲ ಕಳೆದರೆ ಅದು 4.5 ಕೋಟಿ. ಮೂರರಲ್ಲಿ ಒಂದು ಸಲವಾದರೂ ಕುಸಿಯುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು. ಅಂದರೆ ಕಾಮಗಾರಿ ತಡವಾದಷ್ಟೂ ಗೋಡೆ ಮೊದಲೇ ಕಟ್ಟೋದು ಅಗ್ಗ.

ಈ ಲೆಕ್ಕದಲ್ಲಿ ಒಂದು ಸಾಲು ಯಾವಾಗಲೂ ಬಿಟ್ಟುಹೋಗುತ್ತದೆ. ರಸ್ತೆ ಬಂದ್ ಆದ ದಿನಗಳಲ್ಲಿ ದಾರಿಬದಿಯ ಹೋಟೆಲ್, ಪಂಕ್ಚರ್ ಅಂಗಡಿ, ಹಣ್ಣಿನ ಗಾಡಿಗೆ ಆಗುವ ನಷ್ಟ. ಗುತ್ತಿಗೆದಾರ ತನ್ನ ನಷ್ಟಕ್ಕೆ ಅವಧಿ ವಿಸ್ತರಣೆ ಕೇಳಬಹುದು, ಇಲಾಖೆ ಗುತ್ತಿಗೆದಾರನಿಗೆ ದಂಡ ಹಾಕಬಹುದು. ಅಂಗಡಿಯವನ ಹೆಸರು ಆ ಕರಾರಿನಲ್ಲಿ ಎಲ್ಲೂ ಇರೋದಿಲ್ಲ.

ಬದಲಿ ರಸ್ತೆ ಇದೆಯಲ್ಲ?

ಶಿರಾಡಿ ಬಂದ್ ಆದರೆ ಚಾರ್ಮಾಡಿ ಇಲ್ಲವೇ ಸಂಪಾಜೆ ಅನ್ನುತ್ತೇವೆ. ಆದರೆ ಒಂದೇ ಘಟ್ಟ, ಒಂದೇ ಮಳೆ. 2018ರ ಆಗಸ್ಟ್‌ನಲ್ಲಿ ಶಿರಾಡಿಯಲ್ಲೂ ಕುಸಿತ, ಮಡಿಕೇರಿ–ಸಂಪಾಜೆ ರಸ್ತೆಗೂ ಭಾರಿ ಹಾನಿ. 2024ರ ಜುಲೈನಲ್ಲಿ ದೊಡ್ಡತಪ್ಪಲಿನಲ್ಲಿ ಗುಡ್ಡ ಜಾರುತ್ತಿದ್ದಾಗಲೇ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿ ಪಕ್ಕ ಕುಸಿದು ರೈಲೂ ನಿಂತಿತು. ಒಂದೇ ಕಾರಣಕ್ಕೆ ಎರಡೂ ಕೆಡುವಂತಿದ್ದರೆ ಅದನ್ನು ಬದಲಿ ವ್ಯವಸ್ಥೆ ಎಂದು ಪೂರ್ತಿ ನಂಬಲಾಗದು.

ಮೊದಲೇ ಹೇಳಿ ಬಂದ್ ಮಾಡೋದು ಬೇರೆ ವಿಷಯ. 2018ರ ಜನವರಿಯಲ್ಲಿ ಶಿರಾಡಿ ಘಾಟಿಯನ್ನು ಎರಡನೇ ಹಂತದ ಕಾಂಕ್ರೀಟ್ ಕೆಲಸಕ್ಕೆಂದು ಮುಚ್ಚಿ ಜುಲೈನಲ್ಲಿ ತೆರೆದರು. ವ್ಯಾಪಾರಕ್ಕೆ ಪೆಟ್ಟು ಬಿದ್ದದ್ದು ನಿಜ, ಆದರೆ ಬಂದ್ ಆಗೋದು ಮುಂಚೆಯೇ ಗೊತ್ತಿದ್ದರೆ ಸಾಮಾನು ತರಿಸೋದು, ಕೆಲಸದವರನ್ನು ಇಟ್ಟುಕೊಳ್ಳೋದು ಅದಕ್ಕೆ ತಕ್ಕಂತೆ ಮಾಡಬಹುದು.

ಮುನ್ಸೂಚನೆ ಮೊದಲು ಕಾಣೋದು ನಮಗೇ

ಗುತ್ತಿಗೆದಾರ ಕುಸಿಯುವುದು ಇಲಾಖೆಯ ಕಡತಕ್ಕಿಂತ ಮೊದಲು ಊರಿನ ಉದ್ರಿ ಪುಸ್ತಕದಲ್ಲಿ ಗೊತ್ತಾಗುತ್ತದೆ. ಡೀಸೆಲ್, ಜಲ್ಲಿ, ಹಾರ್ಡ್‌ವೇರ್, ಮೆಸ್ ಬಾಕಿ ತೀರದೆ ಬೆಳೆಯೋದು, ಟಿಪ್ಪರ್ ಮತ್ತು ಜೆಸಿಬಿ ಒಂದೊಂದೇ ವಾಪಸ್ ಹೋಗೋದು, ಬಾಡಿಗೆ ಯಂತ್ರದವರು ದುಡ್ಡಿಗಾಗಿ ಅಲೆಯೋದು. ಇಂಥ ಹೊತ್ತಲ್ಲಿ ಅಂಗಡಿಯವರು ಮೊದಲು ಉದ್ರಿಗೆ ಮಿತಿ ಹಾಕಬೇಕು, ಮುಖ್ಯ ಗುತ್ತಿಗೆದಾರನ ಸಹಿ ಇಲ್ಲದೆ ಉಪಗುತ್ತಿಗೆದಾರನ ಮಾತಿನ ಮೇಲೆ ಸಾಮಾನು ಕೊಡಬಾರದು.

ಗುಡ್ಡದ ಸೂಚನೆಗಳೂ ಹಾಗೇ. ನೆತ್ತಿಯ ಮೇಲೆ ಉದ್ದಕ್ಕೆ ಬಿರುಕು, ವಾಲುತ್ತಿರುವ ಮರ ಅಥವಾ ಕಂಬ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗೋದು, ಜೋರು ಮಳೆಯಲ್ಲೂ ತಡೆಗೋಡೆಯ ತೂತಿನಿಂದ ಹನಿ ನೀರೂ ಬಾರದಿರೋದು. ಕೊನೆಯದ್ದು ಹೆಚ್ಚು ಜನರ ಕಣ್ಣಿಗೆ ಬೀಳೋದಿಲ್ಲ. ನೀರು ಹೊರಗೆ ಬರುತ್ತಿಲ್ಲ ಅಂದರೆ ಗೋಡೆ ಹಿಂದೆ ನಿಂತಿರಬಹುದು. ಫೋಟೊ ತೆಗೆದು, ದಿನಾಂಕ ಹಾಕಿ, ತಹಶೀಲ್ದಾರ್ ಕಚೇರಿಗೂ ಕಾಮಗಾರಿ ನಡೆಸುವ ಇಲಾಖೆಯ ಎಂಜಿನಿಯರ್‌ಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ನಮ್ಮೂರ ರಸ್ತೆಗೆ ಕೇಳಬೇಕಾದ ನಾಲ್ಕು ಪ್ರಶ್ನೆ

1. ಜಾಗ, ಮರ, ಕಂಬ, ಪೈಪ್ ಇವುಗಳ ಪೈಕಿ ಕೆಲಸ ಶುರುವಾಗುವ ದಿನಕ್ಕೆ ಯಾವುದು ಬಾಕಿ ಇದೆ?
2. ಮೇ ಕೊನೆಗೆ ಎಲ್ಲಿವರೆಗೆ ಮುಗಿಯಬೇಕು, ಚರಂಡಿ ಮತ್ತು ಗೋಡೆ ಅದರಲ್ಲಿ ಸೇರಿದೆಯೇ?
3. ಗುತ್ತಿಗೆದಾರನ ಬ್ಯಾಂಕ್ ಗ್ಯಾರಂಟಿ ಯಾವ ದಿನಾಂಕದವರೆಗೆ ಜೀವಂತ ಇದೆ? ಅವಧಿ ವಿಸ್ತರಣೆ ಕೊಟ್ಟಾಗ ಅದನ್ನೂ ವಿಸ್ತರಿಸಿದ್ದಾರೆಯೇ?
4. ಅವಧಿ ವಿಸ್ತರಣೆಗೆ ಬರೆದ ಕಾರಣ ಏನು, ದಂಡ ಹಾಕಿದ್ದಾರೆಯೇ?

ಮೂರನೆಯದ್ದನ್ನು ಮರೆಯಬೇಡಿ. ಗುತ್ತಿಗೆದಾರ ಬಿಟ್ಟುಹೋದಾಗ ಇಲಾಖೆಗೆ ತಕ್ಷಣ ಕೈಗೆ ಸಿಗುವ ಹಣ ಅದೇ. ಗ್ಯಾರಂಟಿಯ ಅವಧಿ ಮುಗಿದಿದ್ದರೆ ಅದು ಬರೀ ಕಾಗದ.

ಬಾಯಿಮಾತಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಬಹುದು. ರಾಜ್ಯದ ಇಲಾಖೆಗೆ ಅರ್ಜಿ ಶುಲ್ಕ 10 ರೂ., ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಬರಬೇಕು. ‘ಕೆಲಸ ಯಾಕೆ ತಡ’ ಎಂದು ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ‘ಕಾಮಗಾರಿಯ ವೇಳಾಪಟ್ಟಿ, ಅವಧಿ ವಿಸ್ತರಣೆ ಆದೇಶ ಮತ್ತು ಬ್ಯಾಂಕ್ ಗ್ಯಾರಂಟಿಯ ಪ್ರತಿ ಕೊಡಿ’ ಎಂದು ದಾಖಲೆಯ ಹೆಸರು ಹಿಡಿದು ಕೇಳಿ. ಹೆದ್ದಾರಿ ಪ್ರಾಧಿಕಾರದ ರಸ್ತೆಯಾದರೆ ಅದು ಕೇಂದ್ರದ್ದು, ಅರ್ಜಿ ಅವರಿಗೇ ಹೋಗಬೇಕು. ಅರ್ಜಿ ಹಾಕಲು ಒಳ್ಳೆ ಸಮಯ ಜನವರಿ, ಫೆಬ್ರವರಿ. ಉತ್ತರ ಕೈಗೆ ಬರುವ ಹೊತ್ತಿಗೆ ಇನ್ನೂ ಎರಡು ಮೂರು ಒಣ ತಿಂಗಳು ಬಾಕಿ ಇರುತ್ತವೆ.