ಫ್ರಿಡ್ಜ್ ಕೆಟ್ಟಿದೆಯಾ? ಮೆಕ್ಯಾನಿಕ್‌ಗೆ ಹೀಗೆ ಮೆಸೇಜ್ ಹಾಕಿ

ಚಿಕ್ಕಬಾಣಾವರ: 'ಫ್ರಿಡ್ಜ್ ಕೂಲ್ ಆಗ್ತಿಲ್ಲ, ಬನ್ನಿ' ಅಂತಷ್ಟೇ ವಾಟ್ಸಾಪ್ ಮಾಡಿದ್ರೆ ಮೆಕ್ಯಾನಿಕ್ ನೋಡೋಕೆ ಒಂದ್ಸಲ, ಪಾರ್ಟ್ ತರೋಕೆ ಇನ್ನೊಂದ್ಸಲ ಓಡಾಡಬೇಕು. ಅಷ್ಟರಲ್ಲಿ ಅಂಗಡಿ ಹಾಲು ಒಡೆದಿರುತ್ತೆ. ಹೀಗೆ ಬರೆಯಿರಿ:

"ಅಣ್ಣಾ, ರೈಲ್ವೆ ಸ್ಟೇಷನ್ ಹತ್ರ ಹಾಲಿನಂಗಡಿ. ಸಿಂಗಲ್ ಡೋರ್, ಮಾಡೆಲ್ ಸ್ಟಿಕರ್ ಫೋಟೊ ಹಾಕಿದೀನಿ. ರಾತ್ರಿ 9ಕ್ಕೆ ಕರೆಂಟ್ ಹೋಗಿ ಬಂದಾಗಿಂದ ಹಿಂದುಗಡೆ 10 ಸೆಕೆಂಡ್ ಗುಂಯ್ ಅಂದು 'ಟಕ್' ಅಂತ ನಿಲ್ಲುತ್ತೆ. 5 ನಿಮಿಷ ಬಿಟ್ಟು ಮತ್ತೆ ಅದೇ. ಲೈಟ್ ಉರೀತಿದೆ. ಒಳಗಿಟ್ಟ ಲೋಟದ ನೀರು 16 ಡಿಗ್ರಿ. ಸ್ಟೆಬಿಲೈಜರ್ 220 ತೋರಿಸ್ತಿದೆ."

ಆ 'ಟಕ್' ಮುಖ್ಯ. ಕಂಪ್ರೆಸರ್ ಸ್ಟಾರ್ಟ್ ಆಗೋಕೆ ಹೋಗಿ ಸೋಲ್ತಿದೆ ಅಂತ ತಿಳಿದು ರಿಲೇ, ಓವರ್‌ಲೋಡ್ ಬ್ಯಾಗಲ್ಲಿ ಹಾಕ್ಕೊಂಡೇ ಬರಬಹುದು. ಕಂಪ್ರೆಸರ್ ನಿಲ್ಲದೇ ಓಡ್ತಾ ತಣ್ಣಗಾಗದಿದ್ರೆ ಗ್ಯಾಸ್ ಲೀಕ್ ಅನುಮಾನ, ಬರೋ ಸಾಮಾನೇ ಬೇರೆ.

ಮೆಸೇಜ್ ಹಾಕಿದ ಮೇಲೆ ಸ್ವಿಚ್ ಆಫ್ ಮಾಡಿ. ಡಿಸ್‌ಪ್ಲೇ ಇದ್ರೆ ಅದಕ್ಕೂ ಮುಂಚೆ ಎರರ್ ಕೋಡ್ ಫೋಟೊ ತೆಗೀರಿ, ಆಫ್ ಮಾಡಿದ್ರೆ ಅಳಿಸಿಹೋಗಬಹುದು.