ದಶಮಾಂಶ ಕಲಮು ಸಂಖ್ಯೆ ಮತ್ತು ಮರುಸಂಖ್ಯೀಕರಣ

ಹಲವು ಹಂತಗಳ ಬರಹದ ನಡುವೆ ಹೊಸ ಕಲಮು ಸೇರಿದಾಗ ಅದರ ಮುಂದಿನ ಸಂಖ್ಯೆಗಳನ್ನೂ ಅವುಗಳನ್ನು ಹೆಸರಿಸುವ ಉಲ್ಲೇಖಗಳನ್ನೂ ಸರಿಪಡಿಸುವ ಕೆಲಸಕ್ಕೆ ಮರುಸಂಖ್ಯೀಕರಣವೆಂದು ಹೆಸರು. ಭಾರತದ ಕಾನೂನು ಬರವಣಿಗೆಯಲ್ಲಿ ಇದರ ಜೊತೆಗೆ, ಹಳೆಯ ಸಂಖ್ಯೆಯನ್ನು ಕದಲಿಸದೆ ಅದರ ಮುಂದೆ ಅಕ್ಷರ ಹಚ್ಚುವ ಇನ್ನೊಂದು ಪದ್ಧತಿಯೂ ಬೆಳೆದಿದ್ದು, ಇವೆರಡರ ಗಡಿಯನ್ನು ಗಮನಿಸದ ಬರಹಗಳಲ್ಲಿ ಗೊಂದಲ ಉಳಿದುಕೊಂಡಿದೆ.

ಸಂವಿಧಾನ ರಚನೆಯ ಕಾಲದಲ್ಲಿ ಎರಡೂ ಪದ್ಧತಿಗಳು ಒಂದರ ನಂತರ ಒಂದು ಬಳಕೆಯಾದವು. 1948ರ ಕರಡಿನಲ್ಲಿ 315 ಅನುಚ್ಛೇದಗಳಿದ್ದು, ಚರ್ಚೆಯ ವೇಳೆ ನಡುವೆ ಸೇರಿದವುಗಳಿಗೆ 15ಎ, 306ಎ ಎಂಬಂತೆ ತಾತ್ಕಾಲಿಕ ಅಕ್ಷರ ಕೊಡಲಾಯಿತು. ಚರ್ಚೆ ಮುಗಿಯುವ ಹೊತ್ತಿಗೆ 386ಕ್ಕೆ ಏರಿದ್ದ ಅನುಚ್ಛೇದಗಳು ಅಂತಿಮ ರೂಪದಲ್ಲಿ 395 ಆಗಿ, ಒಂದೇ ಸರಣಿಯಲ್ಲಿ ಸಂಖ್ಯೆ ಪಡೆದವು. ಕರಡಿನ 15ಎ ಹೀಗೆ 22 ಆಯಿತು, 306ಎ 370 ಆಯಿತು.

ಜಾರಿಯಾದ ಮೇಲೆ ನಿಯಮ ತಿರುಗುಮುರುಗಾಯಿತು. ತೀರ್ಪು, ಆದೇಶ, ಅರ್ಜಿಗಳಲ್ಲಿ ಆಗಲೇ ನಮೂದಾದ ಸಂಖ್ಯೆಯನ್ನು ಬದಲಿಸುವಂತಿಲ್ಲವಾದ್ದರಿಂದ ಅಕ್ಷರವೇ ಕಾಯಂ ಆಯಿತು. 371ನೇ ಅನುಚ್ಛೇದದ ಮೊದಲನೇ ಖಂಡವನ್ನು 1973ರ 32ನೇ ತಿದ್ದುಪಡಿ ಕೈಬಿಟ್ಟರೂ ಉಳಿದ ಖಂಡ ಇಂದಿಗೂ (2) ಎಂದೇ ಅಚ್ಚಾಗುತ್ತದೆ. ಕೊಪ್ಪಳ ಜಿಲ್ಲೆಯ ಜನರಿಗೆ ಉದ್ಯೋಗ ಹಾಗೂ ಶಿಕ್ಷಣದ ಮೀಸಲಾತಿಯಿಂದ ಪರಿಚಿತವಾದ 371ಜೆ, 98ನೇ ತಿದ್ದುಪಡಿಯ ಮೂಲಕ ಹೀಗೆ ಅಕ್ಷರ ಹಚ್ಚಿಕೊಂಡು ಬಂದ ಸೇರ್ಪಡೆ. ಪತ್ರಿಕೆಗಳಲ್ಲಿಯೂ ಕಚೇರಿ ಕಾಗದಗಳಲ್ಲಿಯೂ ಇದನ್ನು ‘371(ಜೆ)’ ಎಂದು ಆವರಣದೊಳಗೆ ಬರೆಯುವ ರೂಢಿಯಿದೆ. ಆವರಣವು ಒಳಹಂತವನ್ನು ಸೂಚಿಸುವುದರಿಂದ, ಸ್ವತಂತ್ರ ಅನುಚ್ಛೇದವೊಂದು ಮಹಾರಾಷ್ಟ್ರ ಮತ್ತು ಗುಜರಾತಿಗೆ ಸಂಬಂಧಿಸಿದ 371ರ ಖಂಡದಂತೆ ಕಾಣುತ್ತದೆ.

ಹಂತವನ್ನು ಸಂಖ್ಯೆಯಲ್ಲಿಯೇ ತೋರಿಸುವ ದಶಮಾಂಶ ಪದ್ಧತಿಯನ್ನು 1978ರ ಐಎಸ್‌ಒ 2145 ಮಾನಕ ವಿವರಿಸುತ್ತದೆ. ಇದರಲ್ಲಿ ಹಂತಗಳ ನಡುವೆ ಚುಕ್ಕೆ ಬರುತ್ತದೆ, ಕೊನೆಯ ಅಂಕಿಯ ನಂತರ ಬರುವುದಿಲ್ಲ. ಹೆಸರು ದಶಮಾಂಶವಾದರೂ ಲೆಕ್ಕದ ದಶಮಾಂಶ ಇದಲ್ಲ, 1.9ರ ನಂತರ ಬರುವುದು 1.10, ಅದು 1.1ಕ್ಕೆ ಸಮನಲ್ಲ.

371ಜೆಯನ್ನು ಉದಾಹರಣೆಗಾಗಿ ಈ ಪದ್ಧತಿಗೆ ತಂದರೆ ಮರುಸಂಖ್ಯೀಕರಣದ ಕ್ರಮ ಸ್ಪಷ್ಟವಾಗುತ್ತದೆ. ಮೊದಲನೇ ಖಂಡದ ಮೂರು ಉಪಖಂಡಗಳಾದ ಅಭಿವೃದ್ಧಿ ಮಂಡಳಿ, ನಿಧಿಯ ಹಂಚಿಕೆ, ಉದ್ಯೋಗ ಹಾಗೂ ಶಿಕ್ಷಣದ ಅವಕಾಶ ಕ್ರಮವಾಗಿ 1.1, 1.2, 1.3 ಆಗುತ್ತವೆ. ಮೀಸಲಾತಿಯ ವಿವರವಿರುವ ಎರಡನೇ ಖಂಡ, ಮೂರನೇ ಉಪಖಂಡದಡಿ ಹೊರಡಿಸಿದ ಆದೇಶವನ್ನು ಹೆಸರಿಸುವುದರಿಂದ, ಅದರೊಳಗೆ ‘1.3’ ಎಂಬ ಉಲ್ಲೇಖವಿರುತ್ತದೆ. ಮಂಡಳಿಯ ನಂತರ ಹೊಸ ಉಪಖಂಡವೊಂದು ಸೇರಿತೆಂದು ಭಾವಿಸಿದರೆ ಹಳೆಯ 1.2 ಮತ್ತು 1.3 ಒಂದೊಂದು ಸ್ಥಾನ ಕೆಳಗಿಳಿಯಬೇಕು. ಮೊದಲು 1.2ನ್ನು 1.3 ಮಾಡಿ, ಆಮೇಲೆ 1.3 ಇದ್ದಲ್ಲೆಲ್ಲ 1.4 ಎಂದು ತಿದ್ದಿದರೆ ಎರಡೂ 1.4 ಆಗಿ ಬೆರೆತುಹೋಗುತ್ತವೆ. ಆದ್ದರಿಂದ ತಿದ್ದುವಿಕೆ ಕೊನೆಯಿಂದ ಮೇಲಕ್ಕೆ ಸಾಗಬೇಕು. ಎರಡನೇ ಖಂಡದೊಳಗಿನ ಉಲ್ಲೇಖವೂ 1.4 ಆಗಬೇಕು; ಹಾಗೆಯೇ ಬಿಟ್ಟರೆ ಮೀಸಲಾತಿಯ ಆದೇಶ ನಿಧಿ ಹಂಚಿಕೆಗೆ ಅಂಟಿಕೊಳ್ಳುತ್ತದೆ. ಸೇರ್ಪಡೆ ಎರಡು ಖಂಡಗಳ ನಡುವೆಯೇ ಆದರೆ 2 ಎಂಬುದು 3 ಆಗಿ, ಅದರ 2.1 ಮತ್ತು 2.2 ಕೂಡ ಅದರೊಂದಿಗೆ ಸರಿಯುತ್ತವೆ, ಆದರೆ 1.3ರ ಉಲ್ಲೇಖಕ್ಕೆ ಧಕ್ಕೆಯಾಗುವುದಿಲ್ಲ.

ಕಂಪ್ಯೂಟರ್ ಬಂದ ಮೇಲೆ ಈ ಶ್ರಮದ ಒಂದು ಪಾಲು ಮಾತ್ರ ಕಡಿಮೆಯಾಯಿತು. ವರ್ಡ್ ತಂತ್ರಾಂಶದಲ್ಲಿ ಪಟ್ಟಿಯ ಸಂಖ್ಯೆ ತಾನಾಗಿ ಬದಲಾಗುತ್ತದೆಯಾದರೂ, ಕ್ಷೇತ್ರವಾಗಿ ಸೇರಿಸಿದ ಉಲ್ಲೇಖವನ್ನು `Ctrl+A`, `F9` ಒತ್ತಿ ಹೊಸತು ಮಾಡಿಕೊಳ್ಳಬೇಕು. ಕೈಯಿಂದ ಟೈಪಿಸಿದ ‘1.3’ ಇದರಿಂದ ಬದಲಾಗುವುದಿಲ್ಲ. ಹುಡುಕಿ ತಿದ್ದುವಾಗ 1.1 ಎಂಬುದು 1.10ರಲ್ಲಿಯೂ 11.1ರಲ್ಲಿಯೂ ಸಿಕ್ಕಿಬೀಳುತ್ತದೆ. ಹೊರಗಿನ ಕಾಗದಗಳನ್ನಂತೂ ತಂತ್ರಾಂಶ ಮುಟ್ಟುವುದಿಲ್ಲ.

ಆ ಹೊರಗಿನ ಉಲ್ಲೇಖಗಳ ಸಮಸ್ಯೆ 2024ರ ಜುಲೈ 1ರಂದು ದೊಡ್ಡ ಪ್ರಮಾಣದಲ್ಲಿ ಎದುರಾಯಿತು. ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ 358 ಪ್ರಕರಣಗಳ ಭಾರತೀಯ ನ್ಯಾಯ ಸಂಹಿತೆ ಜಾರಿಯಾದಾಗ ವಂಚನೆಯ 420 ಎಂಬುದು 318(4) ಆಯಿತು. ಹೊಸ ಸಂಹಿತೆಯಲ್ಲಿ 420 ಇಲ್ಲವೇ ಇಲ್ಲದ್ದರಿಂದ ಅದನ್ನು ಬರೆದರೆ ತಪ್ಪು ಕೂಡಲೇ ಗೊತ್ತಾಗುತ್ತದೆ. ಕೊಲೆಯ ಶಿಕ್ಷೆಯ 302 ಈಗ 103(1) ಆಗಿದೆ, ಆದರೆ ಹೊಸ 302 ಖಾಲಿಯಿಲ್ಲ: ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕವಾಗಿ ನೋವುಂಟುಮಾಡುವ ಮಾತಿನ ಅಪರಾಧ ಅಲ್ಲಿದೆ. ಹೀಗಾಗಿ ಸಂಖ್ಯೆ ಇದೆಯೇ ಎಂದಷ್ಟೇ ನೋಡುವ ತಪಾಸಣೆಗೆ 302ರ ತಪ್ಪು ಸಿಗುವುದಿಲ್ಲ. ಹಳೆಯ ಮತ್ತು ಹೊಸ ಸಂಖ್ಯೆಗಳ ಜೋಡಿಪಟ್ಟಿಯಲ್ಲಿ ವಿಷಯದ ಶೀರ್ಷಿಕೆಯನ್ನೂ ಇಟ್ಟು, ಪ್ರತಿ ಉಲ್ಲೇಖವನ್ನು ಆ ಶೀರ್ಷಿಕೆಯೊಂದಿಗೆ ತಾಳೆ ನೋಡಿದಾಗ ಮಾತ್ರ ಅದು ಹೊರಬೀಳುತ್ತದೆ.